ಊರು ಬದಲಿಸುವಾಗ ಸಿಗುವ ಒಂದು ಲಕ್ಷ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರ್ಗವಾದ ನೌಕರರೊಬ್ಬರಿಗೆ ಕಂಪನಿ ಒಂದೇ ಬಾರಿಗೆ 1 ಲಕ್ಷ ರೂಪಾಯಿ ಸ್ಥಳಾಂತರ ಭತ್ಯೆ ಕೊಟ್ಟಿತು ಎನ್ನೋಣ. ಲಾರಿ ಬಾಡಿಗೆ, ಸಾಮಾನು ಪ್ಯಾಕಿಂಗ್, ಕುಟುಂಬದ ಪ್ರಯಾಣಕ್ಕೆ 47,000 ಖರ್ಚಾಯಿತು. ವರ್ಗಾವಣೆಗೆ ನಿಜವಾಗಿ ಖರ್ಚಾದ ಇಷ್ಟಕ್ಕೆ ಮಾತ್ರ ತೆರಿಗೆ ವಿನಾಯಿತಿ; ಹೊಸ ತೆರಿಗೆ ಪದ್ಧತಿಯಲ್ಲೂ ಅದು ಉಂಟು. ಆದ್ದರಿಂದ ಬಿಲ್ಲುಗಳನ್ನು ಜೋಪಾನವಾಗಿಡಿ. ಮನೆ ದಲ್ಲಾಳಿಯ ಕಮಿಷನ್, ಮಕ್ಕಳ ಶಾಲಾ ಶುಲ್ಕವನ್ನು ಕಂಪನಿ ತುಂಬಿಕೊಟ್ಟರೆ ಅದು ಸಂಬಳದಂತೆಯೇ.

ಉಳಿದ 53,000ಕ್ಕೆ, ಶೇ 20ರ ಹಂತದವರಾದರೆ, ಸೆಸ್ ಸೇರಿ ಸುಮಾರು 11,000 ತೆರಿಗೆ. ಕೈಗೆ ಉಳಿಯುವುದು 42,000. ಹುಬ್ಬಳ್ಳಿಯಲ್ಲಿ 12,000 ಇದ್ದ ಬಾಡಿಗೆ ಇಲ್ಲಿ 26,000 ಆದರೆ, ಆ ಹಣ ಮೂರೇ ತಿಂಗಳ ವ್ಯತ್ಯಾಸಕ್ಕೆ ಸಾಕು. ಬಾಡಿಗೆಯ ಹೊರೆ ಪ್ರತಿ ತಿಂಗಳದ್ದು. ಹಾಗಾಗಿ ಭತ್ಯೆಗಿಂತ ಮೊದಲು ಮಾಸಿಕ ಸಂಬಳದ ಹೆಚ್ಚಳವನ್ನೇ ಕೇಳಬೇಕು.