ವಾರದ ಗೆರೆ

“ನಾಳೆಯ ಹಿಂದಿನ ದಿನದ ಮರುದಿನ ಯಾವುದು?” ಎಂದು ಊಟದ ಹೊತ್ತಿನಲ್ಲಿ ಮಕ್ಕಳು ಕೇಳಿದರೆ ಹಿರಿಯರೂ ಒಂದು ಗಳಿಗೆ ತಡವರಿಸುವುದುಂಟು. ಉತ್ತರ ನಾಳೆಯೇ, ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಇಂಗ್ಲಿಷಿನಲ್ಲಿ ‘ನಾಳೆ’ ಕೊನೆಗೆ ಬರುವುದರಿಂದ ಪ್ರಶ್ನೆಯನ್ನು ಬಾಲದಿಂದ ಬಿಡಿಸಬೇಕಾಗುತ್ತದೆ. ಕನ್ನಡದಲ್ಲಿ ಆ ತೊಡಕಿಲ್ಲ. ಓದಿದ ಕ್ರಮದಲ್ಲಿಯೇ ನಡೆಯಬಹುದು.

ಇಂದಿನ ವಾರವನ್ನೇ ಮರೆಮಾಡಿದ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಮೊನ್ನೆಯ ಹಿಂದಿನ ದಿನದ ಹಿಂದಿನ ದಿನ ಗುರುವಾರವಾಗಿದ್ದರೆ, ನಾಡಿದ್ದಿನ ಮರುದಿನ ಯಾವ ವಾರ?

ಕಾಗದದ ಮೇಲೆ ಅಡ್ಡಗೆರೆಯೊಂದನ್ನು ಎಳೆದು, ದಿನಕ್ಕೊಂದು ಮನೆ ಮಾಡಿ, ನಡುಮನೆಯಲ್ಲಿ ‘ಇಂದು’ ಎಂದು ಬರೆಯಬೇಕು. ಮೊನ್ನೆಯೆಂದರೆ ಎಡಕ್ಕೆ ಎರಡು ಮನೆ. ಅಲ್ಲಿಂದ ಇನ್ನೆರಡು ಮನೆ ಹಿಂದೆ ಗುರುವಾರ. ಬಲಕ್ಕೆ ವಾರಗಳ ಹೆಸರು ತುಂಬುತ್ತ ಬಂದರೆ ಇಂದು ಸೋಮವಾರ. ನಾಡಿದ್ದು ಬುಧವಾರ, ಅದರ ಮರುದಿನ ಮತ್ತೆ ಗುರುವಾರ! ನಾಲ್ಕು ಮತ್ತು ಮೂರು ಸೇರಿ ಏಳು ಹೆಜ್ಜೆಯಾಗಿ ವಾರ ಒಂದು ಸುತ್ತು ಮುಗಿಸಿತು.

ಹಲವರು ಎಡವುವುದು ನಿಂತ ಮನೆಯನ್ನೇ ‘ಒಂದು’ ಎಂದೆಣಿಸುವುದರಿಂದ. ಹಾಗೆಣಿಸಿದವರಿಗೆ ಇಂದು ಭಾನುವಾರವಾಗುತ್ತದೆ. ತಪ್ಪನ್ನು ಹಿಡಿಯಲು ಬಂದ ದಾರಿಯಲ್ಲೇ ಹಿಂದಿರುಗಬೇಕು: ಭಾನುವಾರಕ್ಕೆ ಮೊನ್ನೆ ಶುಕ್ರವಾರ, ಅದರಿಂದ ಎರಡು ದಿನ ಹಿಂದೆ ಹೋದರೆ ಸಿಗುವುದು ಬುಧವಾರ, ಪ್ರಶ್ನೆಯ ಗುರುವಾರವಲ್ಲ.

‘ಮೊನ್ನೆ’ಯ ವಿಷಯದಲ್ಲಿಯೂ ಎಚ್ಚರ ಬೇಕು. ಮಾತುಕತೆಯಲ್ಲಿ ಅದು ಬಲು ಸಡಿಲವಾದ ಪದ. ‘ಮೊನ್ನೆ ತಾನೇ ಮದುವೆಯಾಯಿತು’ ಎನಿಸಿಕೊಂಡವರ ಮಗುವಿಗೆ ಹಲ್ಲು ಬಂದಿರಲೂಬಹುದು. ಒಗಟಿನಲ್ಲಿ ಮಾತ್ರ ಅದು ಎರಡೇ ಮನೆ.