ಎಷ್ಟು ಫ್ಲೋರ್ ಅನ್ನೋದಷ್ಟೇ ಸಾಲದು, ಪೈಪ್ ಎಷ್ಟು ಇಂಚು?

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರು ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಫ್ಲೋರ್ ಸಾರ್?" ನಾಲ್ಕು ಎಂದರೆ, "ಒಂದು ಎಚ್‌ಪಿ ಸಾಕು. ಯಾವುದಕ್ಕೂ ಇರಲಿ, ಒಂದೂವರೆ ತಗೊಂಡುಬಿಡಿ." ವ್ಯಾಪಾರ ಮುಗಿಯಿತು. ಪೈಪು ಎಷ್ಟು ಇಂಚಿನದು, ಎಷ್ಟು ಉದ್ದ ಹೋಗಿದೆ, ಎಷ್ಟು ಕಡೆ ತಿರುಗಿದೆ ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ಮೋಟರಿನ ಕೆಲಸದ ದೊಡ್ಡ ಪಾಲನ್ನು ನಿರ್ಧರಿಸುವುದು ಆ ಕೇಳದ ಪ್ರಶ್ನೆಗಳೇ.

ಬೆಂಗಳೂರಿನ ಬಡಾವಣೆಗಳಲ್ಲಿ ಸಾಲುಸಾಲಾಗಿ ಕಾಣುವಂಥ ಒಂದು ಕಟ್ಟಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೆಳಗೆ ಕಾರು ನಿಲ್ಲುವ ಸ್ಟಿಲ್ಟ್, ಅದರ ಮೇಲೆ ನಾಲ್ಕು ಮಹಡಿ, ಒಟ್ಟು 16 ಫ್ಲ್ಯಾಟು. ಫ್ಲ್ಯಾಟಿಗೆ ನಾಲ್ವರಂತೆ 64 ಜನ. ನಗರದ ಮನೆಬಳಕೆಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವುದು ತಲೆಗೆ ದಿನಕ್ಕೆ 135 ಲೀಟರ್. ಆ ಲೆಕ್ಕದಲ್ಲಿ ದಿನಕ್ಕೆ 8,640 ಲೀಟರ್ ಬೇಕು. ಇದಿಷ್ಟನ್ನೂ ಎರಡು ಗಂಟೆಯಲ್ಲಿ ಮೇಲೇರಿಸಬೇಕೆಂದರೆ ನಿಮಿಷಕ್ಕೆ 72 ಲೀಟರ್ ಹರಿಯಬೇಕು. ಪಂಪಿನ ಆಯ್ಕೆ ಶುರುವಾಗಬೇಕಾದದ್ದು ಈ ಅಂಕಿಯಿಂದ. ಎಚ್‌ಪಿ ಬರುವುದು ಕೊನೆಯಲ್ಲಿ.

ಮುಂದಿನದು ಎತ್ತರ. ಪಂಪು ನೀರಿಗೆ ಕೊಡುವ ಬಲವನ್ನು ಈ ಕಸುಬಿನಲ್ಲಿ ಮೀಟರಿನಲ್ಲಿ ಅಳೆಯುತ್ತಾರೆ, ಅದಕ್ಕೆ ಹೆಡ್ ಎನ್ನುತ್ತಾರೆ. 10 ಮೀಟರ್ ಹೆಡ್ ಎಂದರೆ ಪ್ರೆಷರ್ ಗೇಜಿನಲ್ಲಿ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಇದರಲ್ಲಿ ನೀರು ನಿಂತಿದ್ದರೂ ಇರುವ ಪಾಲು ಸ್ಟ್ಯಾಟಿಕ್ ಹೆಡ್, ಅಂದರೆ ಬರೀ ಎತ್ತರ. ಇದನ್ನು ಅಳೆಯುವಾಗ ಹೆಚ್ಚಿನವರು ನೆಲದಿಂದ ತಾರಸಿಗೆ ಟೇಪು ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಸಂಪಿನ ನೀರು ಅತಿ ಕೆಳಗಿಳಿದಾಗ ನಿಲ್ಲುವ ಮಟ್ಟದಿಂದ, ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಯವರೆಗೆ. ನಮ್ಮ ಕಟ್ಟಡದಲ್ಲಿ ಐದು ಹಂತಕ್ಕೆ ಮೂರು ಮೀಟರಿನಂತೆ ತಾರಸಿ 15 ಮೀಟರ್. ಟ್ಯಾಂಕು ಕೂತಿರುವುದು ಮೆಟ್ಟಿಲ ಕೋಣೆಯ ಮೇಲೆ, ಹಾಗಾಗಿ ಪೈಪಿನ ಬಾಯಿ ಇನ್ನೂ 4 ಮೀಟರ್ ಮೇಲಿದೆ. ಸಂಪಿನ ನೀರು ಬೆಳಿಗ್ಗೆ ತುಂಬಿದ್ದರೂ ಸಂಜೆಗೆ ನೆಲದಿಂದ 2 ಮೀಟರ್ ಕೆಳಗಿಳಿದಿರುತ್ತದೆ. ಒಟ್ಟು 21 ಮೀಟರ್. ತಾರಸಿಯವರೆಗೆ ಅಳೆದು 15 ಎಂದು ಬರೆದುಕೊಂಡವರ ಲೆಕ್ಕ ಇಲ್ಲೇ 6 ಮೀಟರ್ ತಪ್ಪಿತು.

ಈಗ ಪೈಪು. ನೀರು ಹರಿಯತೊಡಗಿದ ಕೂಡಲೇ ಪೈಪಿನ ಒಳಗೋಡೆ ಅದನ್ನು ತಡೆಯುತ್ತದೆ. ಆ ತಡೆಯನ್ನು ಮೀರಲು ಪಂಪು ಇನ್ನಷ್ಟು ಬಲ ಹಾಕಬೇಕು. ಈ ಘರ್ಷಣೆಯ ನಷ್ಟವನ್ನೂ ಮೀಟರಿಗೆ ಇಳಿಸಿ, ಎತ್ತರಕ್ಕೆ ಕೂಡಿಸಿದರೆ ಬರುವುದೇ ಟೋಟಲ್ ಡೈನಮಿಕ್ ಹೆಡ್. ಪಂಪಿನ ಪಾಲಿಗೆ ಕಟ್ಟಡದ ನಿಜವಾದ ಎತ್ತರ ಅದು. ಪೈಪಿನ ಬಾಯಿಂದ ಚಿಮ್ಮುವ ನೀರಿನ ವೇಗಕ್ಕೂ ಒಂದಿಷ್ಟು ಹೆಡ್ ಖರ್ಚಾಗುತ್ತದೆ. ಆದರೆ ಇಂಥ ಕಟ್ಟಡದಲ್ಲಿ ಅದು ಅರ್ಧ ಮೀಟರನ್ನೂ ದಾಟುವುದಿಲ್ಲ, ಬಿಟ್ಟುಬಿಡೋಣ.

ನಷ್ಟ ಎಷ್ಟೆಂದು ಹೇಳಲು ಹೇಝನ್-ವಿಲಿಯಮ್ಸ್ ಸೂತ್ರ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಬ್ಬರು ಅಮೆರಿಕನ್ ಎಂಜಿನಿಯರುಗಳು ಕೊಟ್ಟದ್ದು, ಇವತ್ತಿಗೂ ನೀರಿನ ಪೈಪಿಗೆ ಇದನ್ನೇ ಬಳಸುತ್ತಾರೆ:

h = 10.67 × L × Q^1.852 ÷ (C^1.852 × d^4.87)

L ಪೈಪಿನ ಉದ್ದ, Q ಸೆಕೆಂಡಿಗೆ ಎಷ್ಟು ಘನಮೀಟರ್ ನೀರು, d ಮೀಟರಿನಲ್ಲಿ ಪೈಪಿನ ಒಳವ್ಯಾಸ. C ಒಳಮೈ ಎಷ್ಟು ನುಣುಪು ಎಂದು ಹೇಳುವ ಅಂಕಿ. ಪ್ಲಾಸ್ಟಿಕ್ ಪೈಪಿಗೆ 140 ಹಿಡಿದರೆ ನಡೆಯುತ್ತದೆ, ತುಕ್ಕು ಕಟ್ಟಿದ ಹಳೆಯ ಜಿಐ ಪೈಪಿಗೆ 100ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಸೂತ್ರ ನೋಡಿ ಗಾಬರಿಯಾಗಬೇಕಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಕಣ್ಣಿಡಬೇಕಾದದ್ದು d ತಲೆಯ ಮೇಲಿನ 4.87ರ ಮೇಲೆ. ಒಳವ್ಯಾಸ ಅರ್ಧಕ್ಕಿಳಿದರೆ ನಷ್ಟ ಎರಡು ಪಟ್ಟೋ ನಾಲ್ಕು ಪಟ್ಟೋ ಆಗುವುದಿಲ್ಲ, ಸುಮಾರು 29 ಪಟ್ಟಾಗುತ್ತದೆ.

ಉದ್ದ ಅಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ಕಟ್ಟಡದಲ್ಲಿ ಸಂಪಿನಿಂದ ಪಂಪಿಗೆ 3 ಮೀಟರ್, ಅಲ್ಲಿಂದ ಮೇಲಕ್ಕೆ 19, ಅಡ್ಡಡ್ಡ 13. ನೇರ ಪೈಪು 35 ಮೀಟರ್. ಆದರೆ ಪ್ರತಿ ಎಲ್ಬೋದಲ್ಲಿ, ಪ್ರತಿ ವಾಲ್ವಿನಲ್ಲಿ ನೀರು ತಿರುಗಿ ಕದಡುತ್ತದೆ. ಒಂದು ಎಲ್ಬೋ ಪೈಪಿನ ವ್ಯಾಸದ 30 ಪಟ್ಟು ಉದ್ದದ ನೇರ ಪೈಪಿಗೆ ಸಮ. ಸಂಪಿನೊಳಗಿನ ಫೂಟ್ ವಾಲ್ವ್ ಕೀಲಿನ ಬಗೆಯದಾದರೆ ಸುಮಾರು 75 ಪಟ್ಟು (ಮೇಲೆದ್ದು ಕೂರುವ ಬಿಲ್ಲೆಯ ಬಗೆಯದಾದರೆ 400 ದಾಟುತ್ತದೆ), ನೀರು ಹಿಂದಿರುಗದಂತೆ ತಡೆಯುವ ಎನ್‌ಆರ್‌ವಿ ಸುಮಾರು 100 ಪಟ್ಟು. ಹತ್ತು ಎಲ್ಬೋ, ಒಂದು ಫೂಟ್ ವಾಲ್ವ್, ಒಂದು ಎನ್‌ಆರ್‌ವಿ ಇದ್ದರೆ ಒಟ್ಟು 475 ಪಟ್ಟು. 25 ಮಿ.ಮೀ. ಪೈಪಿನಲ್ಲಿ ಇದು 12 ಮೀಟರ್ ಹೆಚ್ಚುವರಿ ಪೈಪು ಹಾಕಿದಂತೆ. ಪ್ಲಂಬರ್ ಕಿಟಕಿ ಸಜ್ಜಾ ತಪ್ಪಿಸಲು ಹಾಕುವ ನಾಲ್ಕು ಎಲ್ಬೋಗಳಿಂದಲೇ ಮೂರು ಮೀಟರ್ ಸೇರುತ್ತದೆ.

ಇಷ್ಟಾದ ಮೇಲೆ ನಿಮಿಷಕ್ಕೆ 72 ಲೀಟರನ್ನು ಮೂರು ಗಾತ್ರದ ಪೈಪಿನಲ್ಲಿ ಹರಿಸಿ ನೋಡೋಣ. ಒಳವ್ಯಾಸ 25 ಮಿ.ಮೀ. ಆದರೆ, ಅಂದರೆ ನಾವು ಒಂದಿಂಚು ಎನ್ನುವ ಪೈಪಾದರೆ, ಘರ್ಷಣೆಗೇ 13 ಮೀಟರ್ ಹೋಗುತ್ತದೆ, ಒಟ್ಟು ಹೆಡ್ 34 ಮೀಟರ್. ಒಂದೂಕಾಲು ಇಂಚು, ಅಂದರೆ 32 ಮಿ.ಮೀ. ಹಾಕಿದರೆ ನಷ್ಟ 4.2 ಮೀಟರಿಗಿಳಿದು ಒಟ್ಟು 25 ಆಗುತ್ತದೆ. ಒಂದೂವರೆ ಇಂಚು, 40 ಮಿ.ಮೀ. ಆದರೆ ನಷ್ಟ ಒಂದೂವರೆ ಮೀಟರ್, ಒಟ್ಟು 22.5. ಕಟ್ಟಡ ಬೆಳೆಯಲಿಲ್ಲ, ಕುಗ್ಗಲಿಲ್ಲ. ಆದರೂ ಒಂದಿಂಚಿನ ಪೈಪು ಹಾಕಿದವರ ಪಂಪು ಇನ್ನೂ ಮೂರು ಮಹಡಿ ಹತ್ತಿದಷ್ಟು ದುಡಿಯುತ್ತಿದೆ.

ಎಚ್‌ಪಿ ಲೆಕ್ಕ ಈಗ ಸಲೀಸು. ಸೆಕೆಂಡಿಗೆ ಎಷ್ಟು ಲೀಟರೋ ಅದನ್ನು ಹೆಡ್‌ನಿಂದ ಗುಣಿಸಿ, 9.81ರಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಸಣ್ಣ ಪಂಪಿನ ದಕ್ಷತೆಯನ್ನು ಶೇಕಡಾ 40 ಎಂದು ಹಿಡಿದು, 746 ವ್ಯಾಟಿಗೆ ಒಂದು ಎಚ್‌ಪಿಯಂತೆ ಭಾಗಿಸಿ. ಒಂದೂಕಾಲು ಇಂಚಿಗೆ ಸರಿಯಾಗಿ ಒಂದು ಎಚ್‌ಪಿ ಬರುತ್ತದೆ. ಒಂದಿಂಚಿಗೆ 1.34, ಅಂದರೆ ಅಂಗಡಿಯಲ್ಲಿ ಒಂದೂವರೆಯದೇ ಕೊಳ್ಳಬೇಕು. ಒಂದೂವರೆ ಇಂಚಿಗೆ 0.9, ಆದರೆ ಅಲ್ಲೂ ಕೊಳ್ಳುವುದು ಒಂದು ಎಚ್‌ಪಿಯದನ್ನೇ. ಹಾಗಾಗಿ ಈ ಕಟ್ಟಡಕ್ಕೆ ನಾನು ಹಾಕಿಸುವುದಾದರೆ ಒಂದೂಕಾಲು ಇಂಚಿನ ಪೈಪು, ಸಂಪಿನ ಕಡೆಯದು ಮಾತ್ರ ಒಂದೂವರೆ. ಹೀರುವ ಕಡೆ ಜಿಪುಣತನ ಸಲ್ಲದು. ಅಲ್ಲಿ ನೀರನ್ನು ಪಂಪಿನವರೆಗೆ ತಳ್ಳುವುದು ವಾತಾವರಣದ ಒತ್ತಡ. ಮಂಗಳೂರಿನಲ್ಲಿ ಅದು 10.3 ಮೀಟರ್ ನೀರಿಗೆ ಸಮವಾದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 9.3 ಮಾತ್ರ.

ಒಂದಿಂಚಿನ ಪೈಪಿಗೇ ಒಂದು ಎಚ್‌ಪಿ ಪಂಪು ಕೂರಿಸಿದರೆ ನೀರು ಮೇಲೇರುವುದೇ ಇಲ್ಲ ಎಂದೇನಿಲ್ಲ. ಏರುತ್ತದೆ, ಕಡಿಮೆ ಏರುತ್ತದೆ. ಪಂಪು ಒಂದೇ ಪ್ರಮಾಣದ ನೀರು ಕೊಡುವ ಯಂತ್ರವಲ್ಲ. ಹೆಡ್ ಹೆಚ್ಚಿದಷ್ಟೂ ಅದು ಕೊಡುವ ನೀರು ಇಳಿಯುತ್ತದೆ. ಇತ್ತ ನೀರು ಇಳಿದಷ್ಟೂ ಪೈಪಿನ ನಷ್ಟ ಇಳಿಯುತ್ತದೆ. ಎರಡೂ ಒಂದು ಕಡೆ ರಾಜಿಯಾಗುತ್ತವೆ. ನೀರು ಪೂರಾ ನಿಂತಾಗ 35 ಮೀಟರ್, 72 ಲೀಟರ್ ಹರಿಯುವಾಗ 25 ಮೀಟರ್ ಕೊಡುವ ಪಂಪೆಂದುಕೊಂಡರೆ, ಒಂದಿಂಚಿನ ಪೈಪಿನಲ್ಲಿ ಆ ರಾಜಿ ಆಗುವುದು ನಿಮಿಷಕ್ಕೆ 55 ಲೀಟರಿನ ಹತ್ತಿರ. ಎರಡು ಗಂಟೆಯಲ್ಲಿ ತುಂಬಬೇಕಾದ ಟ್ಯಾಂಕಿಗೆ ಎರಡೂವರೆ ಗಂಟೆಗೂ ಮೀರಿ ಬೇಕಾಗುತ್ತದೆ.

ಆಗ ನಿವಾಸಿಗಳ ಸಂಘದ ಮೀಟಿಂಗಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ದೊಡ್ಡ ಮೋಟರ್ ಹಾಕಿಸಿಬಿಡೋಣ." ಅದೇ ಒಂದಿಂಚಿನಲ್ಲಿ ನೀರನ್ನು ದುಪ್ಪಟ್ಟು ಮಾಡಿ ನಿಮಿಷಕ್ಕೆ 144 ಲೀಟರ್ ಹರಿಸಬೇಕೆಂದರೆ ನಷ್ಟ 3.6 ಪಟ್ಟಾಗಿ 47 ಮೀಟರ್ ಮುಟ್ಟುತ್ತದೆ. ದಕ್ಷತೆ ಅಷ್ಟೇ ಎಂದಿಟ್ಟುಕೊಂಡರೆ ಐದು ಎಚ್‌ಪಿ ಮೀರಿದ ಪಂಪು ಬೇಕು. ಒಂದೂಕಾಲು ಇಂಚಿನಲ್ಲಾದರೆ ಮೂರು ಎಚ್‌ಪಿ ಒಳಗೇ ಮುಗಿಯುತ್ತದೆ.

ಪಂಪಿನ ನೇಮ್‌ಪ್ಲೇಟು ಓದುವಾಗಲೂ ಈ ರಾಜಿ ನೆನಪಿರಬೇಕು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಗರಿಷ್ಠ ಹೆಡ್ 35 ಮೀಟರ್ ಎಂದರೆ, ಆ ಎತ್ತರದಲ್ಲಿ ನೀರು ಒಂದು ಹನಿಯೂ ಬೀಳುವುದಿಲ್ಲ ಎಂದೇ ಅರ್ಥ. ಗರಿಷ್ಠ ಡಿಸ್‌ಚಾರ್ಜ್ ಎಂಬ ಅಂಕಿ ಸಿಗುವುದು ಹೆಡ್ ತೀರಾ ಕಡಿಮೆ ಇರುವಾಗ. ಎರಡನ್ನೂ ಒಟ್ಟಿಗೆ ಕೊಡುವ ಪಂಪು ಇಲ್ಲ. ಕೇಳಬೇಕಾದದ್ದು ಕಂಪನಿಯ ಕೋಷ್ಟಕ: 25 ಮೀಟರಿಗೆ ನಿಮಿಷಕ್ಕೆ ಎಷ್ಟು ಲೀಟರ್? ಅಲ್ಲಿ 72ರಿಂದ 80ರ ಆಸುಪಾಸು ಇದ್ದರೆ ಸರಿ. ಯಾವುದಕ್ಕೂ ಇರಲಿ ಎಂದು 50 ಮೀಟರಿನ ಸೆಂಟ್ರಿಫ್ಯೂಗಲ್ ಪಂಪು ತಂದರೆ ಇನ್ನೊಂದು ತೊಂದರೆ. ಹೆಡ್ ಕಡಿಮೆ ಸಿಕ್ಕಾಗ ಅದು ಅಂದಾಜು ಮೀರಿ ನೀರು ತಳ್ಳುತ್ತದೆ, ಆಂಪಿಯರ್ ಏರುತ್ತದೆ, ಮೋಟರು ಬಿಸಿಯಾಗಿ ಓವರ್‌ಲೋಡಿನಲ್ಲಿ ಆಫ್ ಆಗುತ್ತದೆ. ಹೆಡ್ ರೇಂಜಿನಲ್ಲಿ ಕೆಳಗಿನ ಅಂಕಿಯನ್ನೂ ಬರೆದಿರುವುದು ಈ ಕಾರಣಕ್ಕೆ.

ಈಗಾಗಲೇ ಇರುವ ಕಟ್ಟಡದಲ್ಲಿ ಪೈಪು ಗೋಡೆಯೊಳಗೆ ಹೂತಿರುತ್ತದೆ, ಒಳಗೆ ಏನಾಗಿದೆಯೋ ಕಾಣುವುದಿಲ್ಲ. ಗಡಸು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ 32 ಮಿ.ಮೀ. ಒಳವ್ಯಾಸ 29ಕ್ಕೆ ಇಳಿದಿದ್ದರೂ ನಷ್ಟ ಶೇಕಡಾ 60 ಏರಿರುತ್ತದೆ. ಇದನ್ನು ಗೋಡೆ ಒಡೆಯದೆ ತಿಳಿಯಲು ಒಂದು ಪ್ರೆಷರ್ ಗೇಜು ಸಾಕು. ಪಂಪು ದಾಟಿ, ಎನ್‌ಆರ್‌ವಿಯ ಮುಂದಿನ ಪೈಪಿಗೆ ಅದನ್ನು ಕೂರಿಸಿ. ಮೋಟರು ನಿಂತು ಪೈಪು ತುಂಬಿರುವಾಗ ಅದು ಬರೀ ಎತ್ತರವನ್ನು ತೋರಿಸುತ್ತದೆ, ನಮ್ಮ ಕಟ್ಟಡದಲ್ಲಿ 1.9 ಕೆ.ಜಿ. ಆಫ್ ಮಾಡಿದ ಮೇಲೆ ಮುಳ್ಳು ನಿಲ್ಲದೆ ಇಳಿಯುತ್ತಾ ಹೋದರೆ ಎನ್‌ಆರ್‌ವಿ ಸೋರುತ್ತಿದೆ, ಮೊದಲು ಅದನ್ನು ಸರಿಮಾಡಿಸಿ. ಮೋಟರು ಓಡಿದಾಗ ಏರುವ ಪಾಲೇ ಮೇಲಿನ ಪೈಪಿನ ಘರ್ಷಣೆ. ಒಂದಿಂಚಿನ ಪೈಪಿನಲ್ಲಿ 55 ಲೀಟರ್ ಹರಿಯುವಾಗ ಮುಳ್ಳು 2.6ರ ಬಳಿ ನಿಲ್ಲಬೇಕು, ಅಂದರೆ ನಷ್ಟ 7 ಮೀಟರ್. ಎಷ್ಟು ನೀರು ಏರುತ್ತಿದೆ ಎಂದು ತಿಳಿಯಲು, ಮನೆಯವರು ನಲ್ಲಿ ತಿರುಗಿಸದ ನಡುರಾತ್ರಿ ಟ್ಯಾಂಕಿನಲ್ಲಿ ಹತ್ತು ನಿಮಿಷಕ್ಕೆ ಎಷ್ಟು ಮಟ್ಟ ಏರಿತೆಂದು ಅಳೆದರಾಯಿತು.

ನೀರು ಕಡಿಮೆ, ಗೇಜೂ ಎತ್ತರದ ಅಂಕಿಗಿಂತ ಅಷ್ಟೇನೂ ಏರುತ್ತಿಲ್ಲ ಎಂದಾದರೆ ತಪ್ಪು ಮೇಲಿನ ಪೈಪಿನದಲ್ಲ. ಇಂಪೆಲ್ಲರ್ ಸವೆದಿದೆ, ಇಲ್ಲವೇ ಫೂಟ್ ವಾಲ್ವಿಗೆ ಕಸ ಸಿಕ್ಕಿದೆ. ನೀರು ಕಡಿಮೆಯಿದ್ದೂ ಗೇಜು ಮೂರರ ಹತ್ತಿರ ಕೂತಿದ್ದರೆ ಪಂಪು ಗಟ್ಟಿಯಾಗಿದೆ, ಪೈಪು ಕಟ್ಟಿದೆ ಅಥವಾ ಯಾವುದೋ ವಾಲ್ವು ಪೂರ್ತಿ ತೆರೆದಿಲ್ಲ. ವಾಲ್ವುಗಳೆಲ್ಲ ತೆರೆದಿದ್ದೂ ಹಾಗೇ ಇದ್ದರೆ ಹೊಸ ಮೋಟರಿಗೆ ಇಡುವ ದುಡ್ಡನ್ನು ಹೊರಗೋಡೆಯ ಮೇಲೆ ಒಂದೂವರೆ ಇಂಚಿನ ಹೊಸ ಪೈಪೆಳೆಯಲು ಹಾಕಿಸುವುದು ಮೇಲು. ಪಂಪಿನ ಮೇಲಿನ ಹೊರೆ ಕಡಿಮೆಯಾದ ಮೇಲೆ ಮಾತ್ರ ಒಮ್ಮೆ ಕ್ಲ್ಯಾಂಪ್ ಮೀಟರ್ ಹಿಡಿದು, ಆಂಪಿಯರ್ ನೇಮ್‌ಪ್ಲೇಟಿನ ಅಂಕಿ ದಾಟಿಲ್ಲ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿಕೊಳ್ಳಬೇಕು.