ಫಿನಾಯಿಲ್ ಬೆಕ್ಕಿನ ಹೊಟ್ಟೆ ಸೇರುವ ದಾರಿ

ಬೆಕ್ಕು ಫಿನಾಯಿಲ್ ಕುಡಿಯುವುದಿಲ್ಲ. ಆದರೂ ಅದು ಹೊಟ್ಟೆ ಸೇರುತ್ತದೆ. ಒರೆಸಿದ ನೆಲ ಆರುವ ಮೊದಲೇ ಬೆಕ್ಕು ಅಲ್ಲಿ ಓಡಾಡುತ್ತದೆ, ಆಮೇಲೆ ಮೂಲೆಯಲ್ಲಿ ಕೂತು ಪಾದಗಳನ್ನು ನೆಕ್ಕಿಕೊಳ್ಳುತ್ತದೆ. ಕಪ್ಪು ಫಿನಾಯಿಲ್‌ನಲ್ಲಿ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಫೀನಾಲ್‌ಗಳಿರುತ್ತವೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ. ಎರಡೂ ಬೆಕ್ಕಿಗೆ ಅಪಾಯ.

ಕಾರಣ ಯಕೃತ್ತಿನಲ್ಲಿದೆ. ನಮ್ಮ ಯಕೃತ್ತು ಫೀನಾಲ್‌ಗೆ ಗ್ಲುಕುರೋನಿಕ್ ಆಮ್ಲ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ಮೂಲಕ ಹೊರಹಾಕುತ್ತದೆ. ಈ ಕೆಲಸ ಮಾಡುವ ಮುಖ್ಯ ಕಿಣ್ವವೊಂದರ ಜೀನ್ ಬೆಕ್ಕಿನ ವಂಶದಲ್ಲಿ ಕೆಟ್ಟುಹೋಗಿದೆ. ಹಾಗಾಗಿ ವಿಷ ನಿಧಾನವಾಗಿ ಕರಗುತ್ತದೆ, ಹೆಚ್ಚು ಹೊತ್ತು ದೇಹದಲ್ಲೇ ಉಳಿಯುತ್ತದೆ. ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ಮಾರಕವಾಗುವುದಕ್ಕೂ ಇದೇ ಕೊರತೆ ಒಂದು ಕಾರಣ.

ಸುಗಂಧ ತೈಲಗಳಲ್ಲೂ ಇದೇ ತೊಡಕು. 1998ರಲ್ಲಿ ಪಶುವೈದ್ಯಕೀಯ ನಿಯತಕಾಲಿಕವೊಂದು ವರದಿ ಮಾಡಿದ ಪ್ರಕರಣ ನೋಡಿ: ಚಿಗಟದ ಕಾಟಕ್ಕೆಂದು ಮೂರು ಬೆಕ್ಕುಗಳ ಕೂದಲು ಬೋಳಿಸಿ, ಅಪ್ಪಟ ಟೀ ಟ್ರೀ ಎಣ್ಣೆ ಹಚ್ಚಲಾಗಿತ್ತು. ಕೆಲವೇ ಗಂಟೆಗಳಲ್ಲಿ ಮೈ ತಣ್ಣಗಾಗಿ, ನಡಿಗೆ ತೂರಾಡಿ, ನಡುಕ ಶುರುವಾಯಿತು. ಎರಡು ಚೇತರಿಸಿಕೊಂಡವು, ಒಂದು ಮೂರನೇ ದಿನ ಸತ್ತಿತು. ಲವಂಗ, ದಾಲ್ಚಿನ್ನಿ, ನೀಲಗಿರಿ, ಪುದೀನಾ ತೈಲಗಳನ್ನೂ ದೂರವಿಡಬೇಕು. ವಿದ್ಯುತ್ ಡಿಫ್ಯೂಸರ್ ಚಿಮ್ಮಿಸುವ ತೈಲದ ಹನಿ ಕೂದಲ ಮೇಲೆ ಕೂತು ಮತ್ತೆ ನಾಲಿಗೆಗೇ ಬರುತ್ತದೆ.

ಊದುಬತ್ತಿ, ಧೂಪದ ಹೊಗೆ ಮುಟ್ಟುವುದು ಶ್ವಾಸಕೋಶವನ್ನು. ಆಸ್ತಮಾ ಇರುವ ಬೆಕ್ಕಿಗೆ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸನಾಳವನ್ನು ಬಿಗಿಯಾಗಿಸುತ್ತವೆ. ನೆಲಕ್ಕೆ ಕುಗ್ಗಿ, ಕತ್ತು ಮುಂದೆ ಚಾಚಿ ಕೆಮ್ಮಿದರೆ ಕೂದಲುಂಡೆ ಕಕ್ಕುತ್ತಿದೆಯೆಂದು ಮನೆಯವರು ಸುಮ್ಮನಾಗುತ್ತಾರೆ. ಉಂಡೆ ಹೊರಬರದೆ ಇದು ಮತ್ತೆ ಮತ್ತೆ ಆದರೆ ವೈದ್ಯರಿಗೆ ತೋರಿಸಬೇಕು. ಮಲಗಿದ ಬೆಕ್ಕಿನ ಪಕ್ಕೆ ಒಂದು ನಿಮಿಷ ನೋಡಿ ಉಸಿರು ಎಣಿಸಿ. 40 ದಾಟಿದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ ತಡಮಾಡಬೇಡಿ. ಹೊಗೆಯ ಕೋಣೆಯ ಕಿಟಕಿ ತೆರೆದು, ಬಾಗಿಲು ಮುಚ್ಚಿ, ಬೆಕ್ಕನ್ನು ಹೊರಗಿಡಿ.

ವಿಷ ತಗುಲಿದ ಬೆಕ್ಕು ಜೊಲ್ಲು ಸುರಿಸುತ್ತದೆ, ಊಟ ಬಿಡುತ್ತದೆ, ನಾಲಿಗೆಯಲ್ಲಿ ಹುಣ್ಣು ಕಾಣಬಹುದು. ಯಕೃತ್ತಿಗೆ ಪೆಟ್ಟಾಗಿದ್ದರೆ ಕೆಲ ದಿನಗಳಲ್ಲಿ ಒಸಡು, ಕಿವಿಯ ಒಳಬದಿ ಹಳದಿಯಾಗುತ್ತವೆ. ಪಾದಕ್ಕೆ ಅಂಟಿದ್ದನ್ನು ಪಾತ್ರೆ ತೊಳೆಯುವ ದ್ರವ ಸೋಪು, ಉಗುರುಬೆಚ್ಚಗಿನ ನೀರಿನಿಂದ ಕೂಡಲೇ ತೊಳೆಯಿರಿ, ಒರೆಸಿ ಬೆಚ್ಚಗಿಡಿ. ವಾಂತಿ ಮಾಡಿಸಬೇಡಿ, ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ. ಬಾಟಲಿಯ ಸಮೇತ ಪಶುವೈದ್ಯರ ಬಳಿ ಹೋಗಿ. ದಿನನಿತ್ಯ ನೆಲ ಒರೆಸಲು ಬಿಸಿನೀರು, ಸ್ವಲ್ಪ ಸೋಪು ಸಾಕು. ಫಿನಾಯಿಲ್ ಬಳಸಲೇಬೇಕಾದ ದಿನ ಮತ್ತೊಮ್ಮೆ ಬರೀ ನೀರಿನಲ್ಲಿ ಒರೆಸಿ, ನೆಲ ಪೂರ್ತಿ ಆರಿದ ಮೇಲಷ್ಟೇ ಬೆಕ್ಕನ್ನು ಒಳಬಿಡಿ.